ಗ್ರಾಹಕರು ಬಂದದ್ದು ಎಲ್ಲಿಂದ? ಎರಡನೇ ಸಿಮ್, ಒಂದು ಫಾರ್ಮ್ ಮತ್ತು ಒಂದು ನೋಟ್‌ಬುಕ್‌ನ ಲೆಕ್ಕ

ಜಾಹೀರಾತು, ವೈಯಕ್ತಿಕ ಮಾರಾಟ, ಮಾರಾಟ ಉತ್ತೇಜನ ಇವೆಲ್ಲವನ್ನೂ ನಾವು ದ್ವಿತೀಯ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಓದುತ್ತೇವೆ. ಆದರೆ ಒಂದು ಸಣ್ಣ ಅಂಗಡಿಯ ಫೋನ್ ರಿಂಗಾದಾಗ, ಆ ಕರೆ ಬೋರ್ಡ್ ನೋಡಿ ಬಂದದ್ದೋ, ಪಕ್ಕದ ಮನೆಯವರು ಹೇಳಿ ಬಂದದ್ದೋ, ವೆಬ್‌ಸೈಟ್ ನೋಡಿ ಬಂದದ್ದೋ ಎಂದು ತಿಳಿಯುವುದು ಹೇಗೆ? ವೆಬ್‌ಸೈಟಿಗೆ ಎಷ್ಟು ಜನ ಬಂದು ಹೋದರು ಎಂಬ ಸಂಖ್ಯೆ ಸುಲಭವಾಗಿ ಸಿಗುತ್ತದೆ. ಆದರೆ ನೋಡಿದವರೆಲ್ಲ ವಿಚಾರಿಸುವುದಿಲ್ಲ, ವಿಚಾರಿಸಿದವರೆಲ್ಲ ಆರ್ಡರ್ ಕೊಡುವುದಿಲ್ಲ. ಸಣ್ಣ ವ್ಯಾಪಾರದಲ್ಲಿ ಮಾತುಕತೆ ನಡೆಯುವುದು ಫೋನಿನಲ್ಲಿ ಮತ್ತು ಅಂಗಡಿಯ ಎದುರು. ಆದ್ದರಿಂದ ಲೆಕ್ಕವೂ ಅಲ್ಲಿಯೇ ಶುರುವಾಗಬೇಕು.

ಇದನ್ನು ಒಂದು ನಿಜವಾದ ಅಂಗಡಿಯ ಅರವತ್ತು ದಿನಗಳ ಲೆಕ್ಕದ ಮೂಲಕ ವಿವರಿಸುತ್ತೇನೆ. ನನ್ನ ಮಾಮು ದಾವಣಗೆರೆಯಲ್ಲಿ ಕಬ್ಬಿಣದ ಗೇಟ್, ಕಿಟಕಿ ಗ್ರಿಲ್, ಮೆಟ್ಟಿಲಿನ ರೇಲಿಂಗ್ ಮಾಡುವ ವರ್ಕ್‌ಶಾಪ್ ನಡೆಸುತ್ತಾರೆ. ಅವರಿಗೊಂದು ವೆಬ್‌ಸೈಟ್ ಇದೆ. ಅದನ್ನು ನೋಡಿಕೊಳ್ಳುವುದಕ್ಕೆ ವರ್ಷಕ್ಕೆ 18,000 ರೂಪಾಯಿ ಕೊಡುತ್ತಾರೆ. ಅದರ ಮೇಲೆ, ಜನ ಗೂಗಲ್‌ನಲ್ಲಿ ಹುಡುಕಿದಾಗ ಸೈಟ್ ಮೇಲೆ ಕಾಣಿಸಲಿ ಎಂದು ಜಾಹೀರಾತಿಗೆ ತಿಂಗಳಿಗೆ 6,000 ರೂಪಾಯಿ. ಸೈಟ್ ನೋಡಿಕೊಳ್ಳುವವರು "ನಿಮ್ಮ ಕರೆಗಳೆಲ್ಲ ಸೈಟಿನಿಂದಲೇ ಬರುತ್ತಿವೆ" ಎನ್ನುತ್ತಿದ್ದರು. ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ "ಎಲ್ಲರೂ ನಾವು ಹಾಕಿದ ಗೇಟ್ ನೋಡಿಯೇ ಬರುವುದು, ಸೈಟ್ ಸುಮ್ಮನೆ ಖರ್ಚು" ಎನ್ನುತ್ತಿದ್ದರು. ಇಬ್ಬರ ಬಳಿಯೂ ಕಾಗದದಲ್ಲಿ ಬರೆದದ್ದು ಏನೂ ಇರಲಿಲ್ಲ. ಮಾಮು ಹೇಳಿದ್ದು ಇಷ್ಟೇ: "ಆರು ಸಾವಿರ ಅಂದರೆ ನನಗೆ ಒಬ್ಬ ಒಳ್ಳೆ ವೆಲ್ಡರ್‌ನ ವಾರದ ಕೂಲಿ. ಅದು ಎಲ್ಲಿ ಹೋಗುತ್ತಿದೆ ಅಂತ ಯಾರಾದರೂ ಬರೆದು ತೋರಿಸಿ."

ಮೊದಲ ಹೆಜ್ಜೆ: ಸೈಟಿಗೆ ಬೇರೆ ನಂಬರ್

ಈಗಿನ ಫೋನ್‌ಗಳಲ್ಲಿ ಎರಡು ಸಿಮ್ ಹಾಕಬಹುದು. ಹೊಸ ಸಿಮ್ ಒಂದನ್ನು ತೆಗೆದುಕೊಂಡು ಅದರ ನಂಬರನ್ನು ವೆಬ್‌ಸೈಟಿನಲ್ಲಿ ಮಾತ್ರ ಹಾಕಬೇಕು. ಬೋರ್ಡ್, ಕಾರ್ಡ್, ಬಿಲ್‌ಬುಕ್, ಗೂಗಲ್ ಮ್ಯಾಪ್ ಎಲ್ಲದರಲ್ಲೂ ಹಳೆಯ ನಂಬರೇ ಇರಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎರಡೂ ಸಿಮ್‌ಗಳಿಗೆ ಹೆಸರು ಕೊಡಬಹುದು. ನಾವು ಒಂದಕ್ಕೆ "ಅಂಗಡಿ", ಇನ್ನೊಂದಕ್ಕೆ "ಸೈಟ್" ಎಂದು ಹೆಸರಿಟ್ಟೆವು. ಕರೆ ಬಂದಾಗ ಯಾವ ಸಿಮ್‌ಗೆ ಬಂತು ಎಂದು ಪರದೆಯ ಮೇಲೆಯೇ ಕಾಣುತ್ತದೆ. ಆಮೇಲೆ ಕರೆಗಳ ಪಟ್ಟಿಯಲ್ಲೂ ಉಳಿಯುತ್ತದೆ. ಖರ್ಚು ತಿಂಗಳಿಗೆ ಸುಮಾರು 200 ರೂಪಾಯಿ ರೀಚಾರ್ಜ್. ಆ ರೀಚಾರ್ಜ್ ಮರೆಯಬಾರದು. ಅವಧಿ ಮುಗಿದ ಮೇಲೆ ಒಳಬರುವ ಕರೆಗಳೂ ನಿಲ್ಲುತ್ತವೆ. ಆಗ ಸೈಟಿನಿಂದ ಯಾರೂ ಬರುತ್ತಿಲ್ಲ ಎಂದು ಲೆಕ್ಕ ತೋರಿಸುತ್ತದೆ, ನಿಜವಾಗಿ ಅವರು ಕರೆ ಮಾಡಿ ಸೋತು ಬೇರೆ ಅಂಗಡಿಗೆ ಹೋಗಿರುತ್ತಾರೆ.

ನಂಬರ್ ಬದಲಾಯಿಸಿದ ದಿನ ಸೈಟಿನ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ತೆರೆದು ನೋಡಬೇಕು. ಅಕ್ಷರದಲ್ಲಿ ಬರೆದ ನಂಬರ್ ಬದಲಾಗಿರುತ್ತದೆ, ಆದರೆ ಅದನ್ನು ಒತ್ತಿದರೆ ಹಳೆಯ ನಂಬರಿಗೇ ಕರೆ ಹೋಗುವುದುಂಟು, ಏಕೆಂದರೆ ಬರಹ ಬೇರೆ, ಅದರ ಹಿಂದಿನ ಲಿಂಕ್ ಬೇರೆ. ಮಾಮು ಸೈಟಿನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಮೊದಲ ಪುಟದಲ್ಲಿ ಅಂಗಡಿಯ ದೊಡ್ಡ ಫೋಟೊ ಇತ್ತು, ಆ ಫೋಟೊದ ಬೋರ್ಡಿನಲ್ಲಿ ಹಳೆಯ ನಂಬರ್ ಸ್ಪಷ್ಟವಾಗಿ ಓದುವಂತಿತ್ತು! ಅದನ್ನು ನೋಡಿ ಕರೆ ಮಾಡಿದವರು ಬೋರ್ಡಿನ ಗ್ರಾಹಕರಾಗಿ ಲೆಕ್ಕಕ್ಕೆ ಸೇರುತ್ತಾರೆ. ಆ ಫೋಟೊ ತೆಗೆಸಿ ಬೇರೆ ಹಾಕಿಸಿದ ಮೇಲೆಯೇ ಅರವತ್ತು ದಿನಗಳ ಎಣಿಕೆ ಶುರು ಮಾಡಿದೆವು.

ಎರಡನೇ ಹೆಜ್ಜೆ: ವಾಟ್ಸಾಪ್ ಮತ್ತು ಫಾರ್ಮ್‌ಗೆ ಗುರುತು

ಸೈಟಿನಿಂದ ಕೆಲವರು ಕರೆ ಮಾಡುವ ಬದಲು ವಾಟ್ಸಾಪ್ ಗುಂಡಿ ಒತ್ತುತ್ತಾರೆ. ಆ ಗುಂಡಿಯ ಹಿಂದೆ ಇರುವ ಲಿಂಕಿನಲ್ಲಿ, ಗ್ರಾಹಕರ ಪರವಾಗಿ ಮೊದಲ ಸಾಲನ್ನು ಮೊದಲೇ ಬರೆದಿಡಬಹುದು:

```
https://wa.me/91XXXXXXXXXX?text=Website%20-%20Gate
```

ದೇಶದ ಸಂಖ್ಯೆ 91 ಮೊದಲು, ನಂತರ ಹತ್ತು ಅಂಕಿ. ಪ್ಲಸ್ ಚಿಹ್ನೆ, ಸೊನ್ನೆ, ನಡುವೆ ಜಾಗ ಯಾವುದೂ ಬೇಡ. `%20` ಎಂದರೆ ಪದಗಳ ನಡುವಿನ ಖಾಲಿ ಜಾಗ. ಗೇಟ್ ಪುಟದ ಗುಂಡಿಗೆ ಒಂದು ಸಾಲು, ರೇಲಿಂಗ್ ಪುಟದ ಗುಂಡಿಗೆ ಇನ್ನೊಂದು ಸಾಲು ಹಾಕಿದರೆ, ಗ್ರಾಹಕರು ಯಾವ ಪುಟದಿಂದ ಬಂದರು ಎಂದೂ ತಿಳಿಯುತ್ತದೆ. ಕೆಲವರು ಆ ಸಾಲನ್ನು ಅಳಿಸಿ ತಮ್ಮದೇ ಮಾತು ಬರೆಯುತ್ತಾರೆ. ಆದರೂ ಸಂದೇಶ ಬಂದದ್ದು ಸೈಟ್ ಸಿಮ್‌ಗೆ ಆದ್ದರಿಂದ ಮೂಲ ಕಳೆದುಹೋಗುವುದಿಲ್ಲ, ಪುಟ ಯಾವುದು ಎಂಬುದು ಮಾತ್ರ ತಿಳಿಯುವುದಿಲ್ಲ.

ಫಾರ್ಮ್‌ನಲ್ಲಿ ಹೆಸರು, ಫೋನ್, ಬೇಕಾದದ್ದು ಎಂಬ ಮೂರು ಖಾನೆಗಳಿದ್ದರೆ ಸಾಕು. ನಾಲ್ಕನೆಯದು ತುಂಬುವವರಿಗೆ ಕಾಣದ ಖಾನೆ:

```
<input type="hidden" name="source" value="gate-page">
```

ಫಾರ್ಮ್ ಕಳುಹಿಸಿದಾಗ ಈ ಗುರುತೂ ಇಮೇಲಿನಲ್ಲಿ ಬಂದು ಬೀಳುತ್ತದೆ. ಪ್ರತಿ ಪುಟದ ಫಾರ್ಮ್‌ಗೂ ಬೇರೆ ಬೇರೆ `value` ಕೊಡಬೇಕು. ಇಲ್ಲಿ ಒಂದು ಮಿತಿಯನ್ನು ನೆನಪಿಡಬೇಕು. ಈ ಗುರುತು ಹೇಳುವುದು ಗ್ರಾಹಕರು ಯಾವ ಪುಟದಲ್ಲಿ ನಿಂತು ಫಾರ್ಮ್ ತುಂಬಿದರು ಎಂಬುದನ್ನು. ಆ ಪುಟಕ್ಕೆ ಅವರನ್ನು ಕಳುಹಿಸಿದವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ಬೇರೆ ನಂಬರಿನ ಮಿತಿಯೂ ಇದೇ.

ಮೂರನೇ ಹೆಜ್ಜೆ: ನೋಟ್‌ಬುಕ್

ಯಾವ ವ್ಯವಹಾರವನ್ನೂ ವೋಚರ್ ಇಲ್ಲದೆ ಪುಸ್ತಕಕ್ಕೆ ಏರಿಸಬಾರದು ಎಂದು ನಾವು ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ಕಲಿತಿದ್ದೇವೆ. ಇಲ್ಲಿ ಫೋನಿನ ಕರೆಪಟ್ಟಿ, ವಾಟ್ಸಾಪ್ ಸಂದೇಶ, ಫಾರ್ಮ್‌ನ ಇಮೇಲ್ ಇವೇ ವೋಚರ್‌ಗಳು. ನೋಟ್‌ಬುಕ್ಕೇ ಜರ್ನಲ್. ವಿಚಾರಿಸಿದ ಒಬ್ಬೊಬ್ಬರಿಗೆ ಒಂದೊಂದು ಸಾಲು. ಒಬ್ಬರೇ ಐದು ಸಲ ಕರೆ ಮಾಡಿದರೂ ಸಾಲು ಒಂದೇ.

ನಮ್ಮ ನೋಟ್‌ಬುಕ್ ಹೀಗಿತ್ತು. ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಬರೆಯುತ್ತಿದ್ದೆವು. ಇಲ್ಲಿ ಕೊಟ್ಟಿರುವ ಅಂಕಿಗಳನ್ನೂ ಬದಲಾಯಿಸಿದ್ದೇನೆ.

| ದಿನ | ಕೊನೆಯ 4 ಅಂಕಿ | ಬಂದ ಬಾಗಿಲು | ಮೊದಲು ತಿಳಿದದ್ದು | ಕೇಳಿದ್ದು | ಏನಾಯಿತು |
|---|---|---|---|---|---|
| 3 | 1111 | ಸೈಟ್ ಕರೆ | ಹರಿಹರದ ಸಂಬಂಧಿಕರ ಮನೆ ಗೇಟ್ ನೋಡಿ | ದೊಡ್ಡ ಗೇಟ್ | ಆರ್ಡರ್ |
| 3 | 2222 | ಅಂಗಡಿ ಕರೆ | ಬೋರ್ಡ್ | ಗ್ರಿಲ್ | ದರ ಹೆಚ್ಚು ಎಂದರು |
| 4 | 3333 | ಸೈಟ್ ವಾಟ್ಸಾಪ್ | ಗೂಗಲ್, ಅಂಗಡಿ ಗೊತ್ತಿರಲಿಲ್ಲ | ಅಲ್ಯೂಮಿನಿಯಂ ಕಿಟಕಿ | ನಾವು ಮಾಡುವುದಿಲ್ಲ |
| 6 | 4444 | ನೇರವಾಗಿ ಬಂದರು | ಸೈಟಿನ ಫೋಟೊ ನೋಡಿ | ರೇಲಿಂಗ್ | ಬಾಕಿ |

ಮೂರನೇ ಮತ್ತು ನಾಲ್ಕನೇ ಖಾನೆಗಳು ಬೇರೆ ಬೇರೆ ಇರುವುದನ್ನು ಗಮನಿಸಿ. "ಬಂದ ಬಾಗಿಲು" ಎಂಬುದನ್ನು ಫೋನೇ ಹೇಳುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. "ಮೊದಲು ತಿಳಿದದ್ದು" ಎಂಬುದನ್ನು ಗ್ರಾಹಕರೇ ಹೇಳಬೇಕು. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ: ಯಾವ ಬಾಗಿಲಿನಿಂದ ಒಳಗೆ ಬಂದರು ಎಂಬುದೂ, ಆ ಬಾಗಿಲಿಗೆ ಅವರನ್ನು ಕಳುಹಿಸಿದ್ದು ಯಾವುದು ಎಂಬುದೂ ಒಂದೇ ಅಲ್ಲ. ಮೇಲಿನ ಪಟ್ಟಿಯ ಮೊದಲ ಸಾಲನ್ನೇ ನೋಡಿ. ಆ ಗ್ರಾಹಕರು ಸಂಬಂಧಿಕರ ಮನೆಯ ಗೇಟ್ ನೋಡಿ ಮೆಚ್ಚಿ, ಅಂಗಡಿಯ ಹೆಸರು ಕೇಳಿಕೊಂಡು, ಆ ಹೆಸರನ್ನು ಗೂಗಲ್‌ನಲ್ಲಿ ಹಾಕಿ, ಸೈಟಿನಲ್ಲಿ ನಂಬರ್ ಹುಡುಕಿ ಕರೆ ಮಾಡಿದ್ದಾರೆ. ಅವರನ್ನು ಕರೆತಂದದ್ದು ಆ ಗೇಟ್. ಸೈಟ್ ಟೆಲಿಫೋನ್ ಡೈರೆಕ್ಟರಿಯ ಕೆಲಸ ಮಾಡಿದೆ, ಅಷ್ಟೇ.

ಕೇಳುವ ರೀತಿ

ಗ್ರಾಹಕರನ್ನು ಕೇಳುವುದಕ್ಕೂ ಒಂದು ಕ್ರಮ ಇದೆ. "ವೆಬ್‌ಸೈಟ್ ನೋಡಿ ಕರೆ ಮಾಡಿದ್ರಾ?" ಎಂದು ಕೇಳಿದರೆ ಬಹಳ ಜನ "ಹೂಂ" ಎಂದುಬಿಡುತ್ತಾರೆ. ಅವರ ಗಮನ ಇರುವುದು ದರದ ಮೇಲೆ, ನಮ್ಮ ಪ್ರಶ್ನೆಯ ಮೇಲೆ ಅಲ್ಲ. ಉತ್ತರವನ್ನು ನಾವೇ ಬಾಯಿಗೆ ಇಡಬಾರದು. "ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳಬೇಕು. ಮಾಮು ಉರ್ದು ಮಾತಾಡುವ ಗ್ರಾಹಕರನ್ನು "ಹಮಾರಾ ಪತಾ ಆಪ್ಕೂ ಕಾಂ ಸೇ ಮಿಲ್ಯಾ?" ಎಂದು ಕೇಳುತ್ತಿದ್ದರು. ಕರೆ ಎತ್ತಿದ ತಕ್ಷಣ ಕೇಳಿದರೆ ಪೊಲೀಸ್ ವಿಚಾರಣೆಯಂತಾಗುತ್ತದೆ. ಅಳತೆ, ಡಿಸೈನ್ ಎಲ್ಲ ಮಾತಾಡಿ, ಯಾವತ್ತು ಬಂದು ಅಳತೆ ತೆಗೆಯಬೇಕು ಎಂದು ನಿಗದಿಯಾದ ಮೇಲೆ ಕೇಳಿದರೆ ಜನ ಸಮಾಧಾನವಾಗಿ ಹೇಳುತ್ತಾರೆ.

"ಗೂಗಲ್‌ನಲ್ಲಿ ನೋಡಿದೆ" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬಾರದು. ಇನ್ನೊಂದೇ ಪ್ರಶ್ನೆ ಬೇಕು: "ಅಂಗಡಿ ಹೆಸರು ಹಾಕಿ ಹುಡುಕಿದ್ರಾ, ಇಲ್ಲ ಬರೀ ಗೇಟ್ ಅಂತ ಹುಡುಕಿದ್ರಾ?" ಹೆಸರು ಹಾಕಿ ಹುಡುಕಿದವರಿಗೆ ಆ ಹೆಸರನ್ನು ಯಾರೋ ಮೊದಲೇ ಹೇಳಿದ್ದಾರೆ. ಬರೀ "ಗೇಟ್" ಎಂದು ಹುಡುಕಿದವರಿಗೆ ಅಂಗಡಿ ಹೊಸದು. ಅಂಥವರನ್ನು ಮಾತ್ರ ಸೈಟ್ ಅಥವಾ ಜಾಹೀರಾತು ತಂದದ್ದು ಎನ್ನಬಹುದು. ಅವರು ಮ್ಯಾಪ್‌ನಲ್ಲಿ ಸಿಕ್ಕ ನಂಬರಿಗೆ ಕರೆ ಮಾಡಿದ್ದರೆ ಆ ಕರೆ ಅಂಗಡಿ ಸಿಮ್‌ಗೆ ಬರುತ್ತದೆ. ಆಗ "ಮ್ಯಾಪ್" ಎಂದು ನಾಲ್ಕನೇ ಖಾನೆಯಲ್ಲಿ ಬರೆಯುತ್ತಿದ್ದೆವು.

ಕೇಳಲು ಆಗದಿದ್ದರೆ, ಅಥವಾ ಅವರಿಗೆ ನೆನಪಿಲ್ಲದಿದ್ದರೆ "ಗೊತ್ತಿಲ್ಲ" ಎಂದೇ ಬರೆಯಬೇಕು. ಊಹಿಸಿ ತುಂಬಿದ ಖಾನೆಗಿಂತ "ಗೊತ್ತಿಲ್ಲ" ಎಂಬ ಖಾನೆ ಮೇಲು, ಏಕೆಂದರೆ ಅಂಥವು ಎಷ್ಟಿವೆ ಎಂದು ಕೊನೆಯಲ್ಲಿ ಎಣಿಸಬಹುದು.

ವಾರಕ್ಕೊಮ್ಮೆ ತಾಳೆ

ವರ್ಕ್‌ಶಾಪಿನಲ್ಲಿ ಕಟಿಂಗ್ ಮೆಷಿನ್ ಓಡುತ್ತಿರುವಾಗ ಫೋನ್ ಕೇಳುವುದಿಲ್ಲ, ಕೇಳಿದರೂ ಬರೆಯಲು ಕೈ ಬಿಡುವಿರುವುದಿಲ್ಲ. ಹಾಗಾಗಿ ನೋಟ್‌ಬುಕ್ ಒಂದನ್ನೇ ನಂಬಲಾಗದು. ಪ್ರತಿ ಭಾನುವಾರ ನಾನು ಫೋನಿನ ಕರೆಪಟ್ಟಿಯನ್ನೂ ನೋಟ್‌ಬುಕ್ಕನ್ನೂ ಎದುರುಬದುರು ಇಟ್ಟು ಟಿಕ್ ಹಾಕುತ್ತಿದ್ದೆ. ಇದು ಬ್ಯಾಂಕ್ ಸಮನ್ವಯ ಪಟ್ಟಿಯ ಕೆಲಸವೇ. ಅಲ್ಲಿ ನಗದು ಪುಸ್ತಕ ಮತ್ತು ಪಾಸ್‌ಬುಕ್, ಇಲ್ಲಿ ನೋಟ್‌ಬುಕ್ ಮತ್ತು ಕರೆಪಟ್ಟಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದಕ್ಕೆಲ್ಲ ಕಾರಣ ಬೇಕು.

ಅರವತ್ತು ದಿನಗಳಲ್ಲಿ ಸೈಟ್ ಸಿಮ್‌ಗೆ ಬಂದ ಕರೆಗಳು 41. ಸೈಟ್ ನೋಡಿಕೊಳ್ಳುವವರು ಈ 41ನ್ನೇ ಹೇಳುತ್ತಿದ್ದರು. ಟಿಕ್ ಹಾಕಿ ನೋಡಿದರೆ ಅದರಲ್ಲಿ 12 ಕರೆಗಳು ಮೊದಲೇ ಮಾತಾಡಿದವರು ಮತ್ತೆ ಮಾಡಿದ್ದು. 9 ಕರೆಗಳು ಸಾಲ, ವಿಮೆ ಮಾರುವವರದ್ದು ಮತ್ತು "ನಿಮ್ಮ ಸೈಟನ್ನು ಮೊದಲ ಪುಟಕ್ಕೆ ತರುತ್ತೇವೆ" ಎನ್ನುವವರದ್ದು. ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಇಂಥ ಕರೆಗಳು ಬಂದೇ ಬರುತ್ತವೆ. 2 ತಪ್ಪು ನಂಬರ್. 3 ಕರೆಗಳು "ನಮ್ಮ ಗೇಟ್ ಯಾವಾಗ ರೆಡಿ?" ಎಂದು ಕೇಳಿದ ಹಳೆಯ ಗ್ರಾಹಕರದ್ದು. ಉಳಿದ 15 ಮಾತ್ರ ಹೊಸದಾಗಿ ವಿಚಾರಿಸಿದ ಕರೆಗಳು.

ಆ ಮೂರು ಹಳೆಯ ಗ್ರಾಹಕರ ಕರೆಗಳನ್ನು ಹಗುರವಾಗಿ ನೋಡಬಾರದು. ಸೈಟಿಗೆ ಮಾತ್ರ ಮೀಸಲಾದ ನಂಬರಿಗೆ ಹಳೆಯ ಗ್ರಾಹಕರು ಕರೆ ಮಾಡಿದರೆ, ಆ ನಂಬರ್ ಎಲ್ಲೋ ಸೋರಿದೆ ಎಂದು ಅರ್ಥ. ವಿಚಾರಿಸಿದಾಗ, ಕೆಲಸದ ಹುಡುಗನೊಬ್ಬ ಸೈಟ್ ಸಿಮ್‌ನ ವಾಟ್ಸಾಪ್‌ನಿಂದ ಅವರಿಗೆ ಡಿಸೈನ್ ಫೋಟೊಗಳನ್ನು ಕಳುಹಿಸಿದ್ದು ಗೊತ್ತಾಯಿತು. ಅವರು ಆ ನಂಬರನ್ನೇ ಸೇವ್ ಮಾಡಿಕೊಂಡಿದ್ದರು. ನಾಳೆ ಅವರು ಅದನ್ನು ನೆಂಟರಿಗೆ ಕೊಟ್ಟರೆ, ಬಾಯಿಮಾತಿನಿಂದ ಬಂದವರೂ ಸೈಟಿನ ಲೆಕ್ಕಕ್ಕೆ ಬೀಳುತ್ತಾರೆ. ಅಂದಿನಿಂದ ಹೊರಗೆ ಹೋಗುವ ಫೋಟೊ, ಲೊಕೇಶನ್ ಎಲ್ಲವೂ ಅಂಗಡಿ ಸಿಮ್‌ನಿಂದಲೇ ಎಂದು ಮಾಮು ನಿಯಮ ಮಾಡಿದರು.

ಅರವತ್ತು ದಿನಗಳ ಲೆಕ್ಕ

ಒಟ್ಟು ವಿಚಾರಿಸಿದವರು 64 ಜನ. ಬಂದ ಬಾಗಿಲಿನ ಪ್ರಕಾರ ಹೀಗೆ: ಅಂಗಡಿ ನಂಬರಿಗೆ 27, ನೇರವಾಗಿ ಅಂಗಡಿಗೆ 14, ಸೈಟ್ ನಂಬರಿಗೆ 15, ಸೈಟಿನ ವಾಟ್ಸಾಪ್ ಗುಂಡಿಯಿಂದ 5, ಫಾರ್ಮ್‌ನಿಂದ 3. ಅಂದರೆ ಸೈಟಿನ ಬಾಗಿಲಿನಿಂದ ಬಂದವರು 23. ಇವರಲ್ಲಿ 6 ಜನ ಆರ್ಡರ್ ಕೊಟ್ಟರು. ಆ ಆರು ಆರ್ಡರ್‌ಗಳ ಮೊತ್ತ 2,01,500 ರೂಪಾಯಿ.

ಇಲ್ಲಿಗೇ ನಿಲ್ಲಿಸಿದ್ದರೆ ಲೆಕ್ಕ ಬಹಳ ಚೆನ್ನಾಗಿ ಕಾಣುತ್ತಿತ್ತು. ಕಬ್ಬಿಣ, ಬಣ್ಣ, ಕೂಲಿ, ಸಾಗಾಟ ಎಲ್ಲ ಕಳೆದು ನೂರಕ್ಕೆ ಹದಿನೈದು ಉಳಿಯುತ್ತದೆ ಎಂದು ಮಾಮು ಹೇಳುತ್ತಾರೆ. ಆ ಪ್ರಕಾರ 2,01,500ಕ್ಕೆ ಉಳಿದದ್ದು 30,225. ಎರಡು ತಿಂಗಳ ಖರ್ಚು: ಜಾಹೀರಾತು 12,000, ಸೈಟ್ ನಿರ್ವಹಣೆಯ ಪಾಲು 3,000, ಸಿಮ್ 400, ಒಟ್ಟು 15,400. ಖರ್ಚಿನ ಸುಮಾರು ಎರಡರಷ್ಟು ಬಂದಂತಾಯಿತು.

ಈಗ ನಾಲ್ಕನೇ ಖಾನೆಯನ್ನು ನೋಡೋಣ. ಸೈಟಿನ ಬಾಗಿಲಿನಿಂದ ಬಂದ 23 ಜನರಲ್ಲಿ 11 ಜನರಿಗೆ ಮಾತ್ರ ಅಂಗಡಿ ಹೊಸದು. 8 ಜನ ಯಾರೋ ಹೇಳಿದ ಮೇಲೆ ಅಥವಾ ಯಾರದೋ ಮನೆಯ ಗೇಟ್ ನೋಡಿದ ಮೇಲೆ ಅಂಗಡಿಯ ಹೆಸರು ಹಾಕಿ ಹುಡುಕಿದವರು. 4 ಜನರದ್ದು "ಗೊತ್ತಿಲ್ಲ". ಆರು ಆರ್ಡರ್‌ಗಳಲ್ಲಿ ನಾಲ್ಕು ಆ 8 ಜನರವು, ಮೊತ್ತ 1,42,000. ಹೊಸಬರಾದ 11 ಜನರಿಂದ ಬಂದದ್ದು ಎರಡೇ ಆರ್ಡರ್, ಒಂದು 38,000, ಇನ್ನೊಂದು 21,500, ಒಟ್ಟು 59,500. ಇದಿಷ್ಟನ್ನೇ ಸೈಟಿಗೆ ಸೇರಿಸಿದರೆ ಉಳಿಯುವುದು 8,925. ಅಂದರೆ ಎರಡು ತಿಂಗಳಲ್ಲಿ 6,475 ನಷ್ಟ. ಮೇಸ್ತ್ರಿಯ ಮಾತು ಗೆದ್ದಂತೆ ಕಾಣುತ್ತದೆ.

ಆದರೆ ಎದುರಿನ ಪಟ್ಟಿಯನ್ನೂ ನೋಡಬೇಕು. ಅಂಗಡಿ ನಂಬರಿಗೆ ಕರೆ ಮಾಡಿದ ಅಥವಾ ನೇರವಾಗಿ ಬಂದ 41 ಜನರಲ್ಲಿ 5 ಜನ ಮೊದಲು ನೋಡಿದ್ದು ಸೈಟನ್ನೇ. ಒಬ್ಬರು ಮನೆಯಲ್ಲಿ ಎಲ್ಲರೂ ಸೈಟಿನ ಫೋಟೊ ನೋಡಿ ಡಿಸೈನ್ ಆರಿಸಿಕೊಂಡು, ಕರೆ ಮಾಡದೆ ಸೀದಾ ಅಂಗಡಿಗೆ ಬಂದರು. ಬೇರೆ ನಂಬರ್ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಇಂಥವರನ್ನು ಹಿಡಿಯಲಾರದು. ನೋಟ್‌ಬುಕ್ ಮಾತ್ರ ಹಿಡಿಯಿತು. ಈ ಐವರಲ್ಲಿ ಇಬ್ಬರ ಆರ್ಡರ್ 46,000 ಮತ್ತು 17,000, ಒಟ್ಟು 63,000. ಇದನ್ನು 59,500ಕ್ಕೆ ಸೇರಿಸಿದರೆ 1,22,500. ಉಳಿದದ್ದು 18,375. ಖರ್ಚು 15,400 ಕಳೆದರೆ 2,975.

ಒಂದೇ ಅರವತ್ತು ದಿನ, ಒಂದೇ ಅಂಗಡಿ. ಬಾಗಿಲನ್ನು ಮಾತ್ರ ಎಣಿಸಿದರೆ 14,825 ಲಾಭ, ಸೈಟಿನ ಬಾಗಿಲಿನಿಂದ ಬಂದ ಹೊಸಬರನ್ನು ಮಾತ್ರ ಎಣಿಸಿದರೆ 6,475 ನಷ್ಟ, ಎರಡೂ ಕಡೆ ನೋಡಿದರೆ 2,975 ಲಾಭ. ಯಾವುದೇ ಅಂಕಿ ಸುಳ್ಳಲ್ಲ, ಆದರೆ ಹಣ ಹಾಕುವ ಮೊದಲು ಯಾವುದನ್ನು ನೋಡಬೇಕು ಎಂಬುದು ಮುಖ್ಯ. ನನ್ನ ಪ್ರಕಾರ ಮೂರನೆಯದು.

ಐದನೇ ಖಾನೆ ಹೇಳಿದ್ದು

ಹೊಸಬರಾದ 11 ಜನರಲ್ಲಿ 9 ಜನ ಏಕೆ ಆರ್ಡರ್ ಕೊಡಲಿಲ್ಲ? ಇದಕ್ಕೆ ಉತ್ತರ "ಕೇಳಿದ್ದು" ಎಂಬ ಖಾನೆಯಲ್ಲಿತ್ತು. ಅವರಲ್ಲಿ 5 ಜನ ಕೇಳಿದ್ದು ಅಲ್ಯೂಮಿನಿಯಂ ಜಾರುಕಿಟಕಿ. ಮಾಮು ಅದನ್ನು ಮಾಡುವುದೇ ಇಲ್ಲ! ಸೈಟ್ ತೆರೆದು ನೋಡಿದರೆ ಕಿಟಕಿಗಳ ಪುಟದಲ್ಲಿ ಎಲ್ಲಿಂದಲೋ ತಂದು ಹಾಕಿದ ಅಲ್ಯೂಮಿನಿಯಂ ಕಿಟಕಿಗಳ ಚೆಂದದ ಫೋಟೊಗಳಿದ್ದವು. ಜನ ಅವನ್ನು ನೋಡಿ ಕರೆ ಮಾಡುತ್ತಿದ್ದರು. ಜಾಹೀರಾತಿನ ಹಣದಲ್ಲಿ ಒಂದಷ್ಟು, ಮಾಡದ ವಸ್ತುವಿಗೆ ಗ್ರಾಹಕರನ್ನು ಕರೆತರಲು ಹೋಗಿತ್ತು. ಉಳಿದ ನಾಲ್ವರಲ್ಲಿ ಇಬ್ಬರು ದರ ಹೋಲಿಸಿ ಬಿಟ್ಟರು, ಇಬ್ಬರದ್ದು ಇನ್ನೂ ಬಾಕಿ ಇದೆ. ಕರೆಗಳ ಸಂಖ್ಯೆಯನ್ನು ಮಾತ್ರ ನೋಡಿದ್ದರೆ ಈ ಐದು ಕರೆಗಳೂ ಜಾಹೀರಾತಿನ ಯಶಸ್ಸಾಗಿಯೇ ಕಾಣುತ್ತಿದ್ದವು.

ಈ ಲೆಕ್ಕ ಹೇಳಲಾರದ್ದು

ಎರಡು ಮಿತಿಗಳನ್ನು ಹೇಳಲೇಬೇಕು. ಒಂದು, ಗೇಟ್‌ಗೆ ವಿಚಾರಿಸುವವರು ಮನೆ ಕಟ್ಟುತ್ತಿರುತ್ತಾರೆ. ಗೋಡೆ, ಪ್ಲಾಸ್ಟರಿಂಗ್ ಮುಗಿದ ಮೇಲೆಯೇ ಗೇಟ್. ಇಂದು ವಿಚಾರಿಸಿದವರು ಮೂರು ತಿಂಗಳ ನಂತರ ಅಡ್ವಾನ್ಸ್ ಕೊಡಬಹುದು. ಆದ್ದರಿಂದ "ಬಾಕಿ" ಎಂದು ಬರೆದ ಸಾಲುಗಳನ್ನು ಮುಚ್ಚಿಬಿಡಬಾರದು, ಆರ್ಡರ್ ಬಂದ ದಿನ ಹಿಂದಕ್ಕೆ ಹೋಗಿ ಅದೇ ಸಾಲಿನಲ್ಲಿ ಬರೆಯಬೇಕು. ಅಲ್ಲದೆ ನಾಲ್ಕೇ ಆರ್ಡರ್‌ಗಳ ಮೇಲೆ ನಿಂತ ಲೆಕ್ಕ ಇದು. 46,000ದ ಆ ಒಂದು ಆರ್ಡರ್ ಬರದೇ ಇದ್ದಿದ್ದರೆ 6,900 ಕಡಿಮೆಯಾಗಿ, 2,975ರ ಲಾಭ 3,925ರ ನಷ್ಟವಾಗುತ್ತಿತ್ತು.

ಎರಡು, ಸೈಟಿಗೆ ಒಂದೇ ನಂಬರ್ ಇರುವಾಗ, ಜಾಹೀರಾತನ್ನು ಒತ್ತಿ ಬಂದವರು ಯಾರು, ಗೂಗಲ್‌ನಲ್ಲಿ ತಾನಾಗಿ ಕಂಡು ಬಂದವರು ಯಾರು ಎಂದು ಬೇರ್ಪಡಿಸಲು ಆಗದು. ಗ್ರಾಹಕರನ್ನು ಕೇಳಿದರೂ ಪ್ರಯೋಜನವಿಲ್ಲ, ತಾವು ಒತ್ತಿದ್ದು ಜಾಹೀರಾತೋ ಅಲ್ಲವೋ ಎಂದು ಹೆಚ್ಚಿನವರು ಗಮನಿಸಿರುವುದಿಲ್ಲ. ಇದಕ್ಕೆ ಮೂರನೇ ನಂಬರ್ ತೆಗೆದುಕೊಂಡು ಜಾಹೀರಾತಿಗೆಂದೇ ಒಂದು ಪ್ರತ್ಯೇಕ ಪುಟದಲ್ಲಿ ಹಾಕಬಹುದು. ಸಣ್ಣ ಅಂಗಡಿಗೆ ಅದಕ್ಕಿಂತ ಸುಲಭವಾದ ದಾರಿ ಎಂದರೆ ಜಾಹೀರಾತನ್ನು ಸ್ವಲ್ಪ ಕಾಲ ನಿಲ್ಲಿಸಿ ನೋಡುವುದು.

ಮಾಮು ಮಾಡಿದ್ದೂ ಅದನ್ನೇ. ವರ್ಷಕ್ಕೆ 18,000ದ ಸೈಟನ್ನು ಉಳಿಸಿಕೊಂಡರು, ಏಕೆಂದರೆ ಅದರ ಎರಡು ತಿಂಗಳ ಪಾಲು 3,000 ಮಾತ್ರ, ಮತ್ತು ಬಾಯಿಮಾತಿನಿಂದ ಬಂದವರಿಗೂ ನಂಬರ್ ಸಿಗುವುದು ಅಲ್ಲಿಯೇ. ಅಲ್ಯೂಮಿನಿಯಂ ಫೋಟೊಗಳನ್ನು ತೆಗೆಸಿ, ತಮ್ಮದೇ ಹನ್ನೆರಡು ಕೆಲಸಗಳ ಫೋಟೊ ಹಾಕಿಸಿದರು. ಜಾಹೀರಾತನ್ನು ಎರಡು ತಿಂಗಳು ನಿಲ್ಲಿಸಿದ್ದಾರೆ. ಹಿಂದಿನ ಅರವತ್ತು ದಿನಗಳಲ್ಲಿ ಅಂಗಡಿಯೇ ಗೊತ್ತಿಲ್ಲದ ಹೊಸಬರು ಸೈಟಿನ ಬಾಗಿಲಿಗೆ 11 ಜನ ಬಂದಿದ್ದರು, ಅದರಲ್ಲಿ ಅಲ್ಯೂಮಿನಿಯಂ ಕೇಳಿದವರನ್ನು ಬಿಟ್ಟರೆ 6. ಮುಂದಿನ ಅರವತ್ತು ದಿನಗಳಲ್ಲೂ ಸುಮಾರು ಅಷ್ಟೇ ಜನ ಬಂದರೆ, 12,000 ಇಲ್ಲದೆಯೂ ಅವರು ಬರುತ್ತಿದ್ದರು ಎಂದು ತಿಳಿಯಬಹುದು. ಒಂದಿಬ್ಬರಿಗೆ ಇಳಿದರೆ ಜಾಹೀರಾತು ಮತ್ತೆ ಶುರುವಾಗುತ್ತದೆ, ಈ ಸಲ ಗೇಟ್ ಮತ್ತು ರೇಲಿಂಗ್‌ಗೆ ಮಾತ್ರ.

ನಮ್ಮಲ್ಲಿ ಅನೇಕರ ಮನೆಗಳಲ್ಲಿ ಟೈಲರಿಂಗ್, ಅಡುಗೆ ಕಾಂಟ್ರಾಕ್ಟ್, ಎಲೆಕ್ಟ್ರಿಕಲ್ ಅಂಗಡಿ, ಗ್ಯಾರೇಜ್ ಇವೆ. ಇಂಥ ಲೆಕ್ಕ ಶುರು ಮಾಡುವವರು ಸಿಮ್‌ಗಿಂತ ಮೊದಲು ನೋಟ್‌ಬುಕ್ ಇಡಿ. ಸೈಟ್ ಇಲ್ಲದಿದ್ದರೂ "ಮೊದಲು ತಿಳಿದದ್ದು" ಮತ್ತು "ಕೇಳಿದ್ದು" ಎಂಬ ಎರಡು ಖಾನೆಗಳು ಕೆಲಸಕ್ಕೆ ಬರುತ್ತವೆ. ನಮ್ಮ ನೋಟ್‌ಬುಕ್‌ನ ಖಾಲಿ ಖಾನೆಗಳಿರುವ ಹಾಳೆಯನ್ನು ವಾಣಿಜ್ಯ ವಿಭಾಗದ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದೇನೆ. ಬೇಕಾದವರು ಅದನ್ನು ನೋಡಿ ಗೆರೆ ಹಾಕಿಕೊಳ್ಳಬಹುದು.